ಗದ್ದೆ ದೇವರದ್ದು, ನೇಗಿಲು ಅರ್ಚಕರದ್ದು

*ಸಂಪಾದಕರೇ, ನಾನು ಎಲ್‌ಎಲ್‌ಬಿ ಓದುತ್ತಿದ್ದೇನೆ. ನ್ಯಾಯಶಾಸ್ತ್ರದಲ್ಲಿ ಒಡೆತನ, ಸ್ವಾಧೀನ, ಕಾನೂನು ವ್ಯಕ್ತಿ ಎಂಬ ಪಾಠಗಳಿವೆ. ಕಂಪನಿಯನ್ನು ವ್ಯಕ್ತಿ ಅಂದರೆ ಹೇಗೋ ಒಪ್ಪಬಹುದು, ಅದರ ಹಿಂದೆ ಮನುಷ್ಯರಿದ್ದಾರೆ. ಕಲ್ಲಿನ ವಿಗ್ರಹ ಜಮೀನಿನ ಒಡೆಯ ಆಗುವುದು ಹೇಗೆ? ನಮ್ಮೂರಲ್ಲಿ ದೇವಸ್ಥಾನದ ಗದ್ದೆಯನ್ನು ಮೂರು ತಲೆಮಾರಿನಿಂದ ಅರ್ಚಕರ ಮನೆಯವರೇ ಮಾಡುತ್ತಿದ್ದಾರೆ. ನಿಜವಾದ ಒಡೆಯರು ಅವರೇ ಅಲ್ವಾ? ದೇವರು ಶಾಶ್ವತ ಮೈನರ್ ಅಂತ ಬೇರೆ ಗೈಡಿನಲ್ಲಿದೆ. ಎಲ್ಲಾ ಸುಮ್ನೆ ಕಟ್ಟುಕಥೆ ಅನ್ನಿಸುತ್ತದೆ.*
*— ಕಾನೂನು ವಿದ್ಯಾರ್ಥಿ, ಶಿವಮೊಗ್ಗ*

ನಮ್ಮಜ್ಜ ಊರಿನ ಸಣ್ಣ ದೇವಸ್ಥಾನದ ಮೊಕ್ತೇಸರರಾಗಿದ್ದರು. ಅವರ ಬಳಿ ಎರಡು ಲೆಕ್ಕದ ಪುಸ್ತಕ ಇದ್ದವು, ಒಂದು ಮನೆಯದ್ದು, ಒಂದು ದೇವರದ್ದು. ಮನೆಗೆ ನೆಂಟರು ಬಂದಾಗ ದೇವರ ತೋಟದ ನಾಲ್ಕು ತೆಂಗಿನಕಾಯಿ ಇಳಿಸಿದರೆ, ಸಂಜೆಯೇ ದೇವರ ಪುಸ್ತಕದಲ್ಲಿ 'ಮನೆಯಿಂದ ಬರಬೇಕು: ಕಾಯಿ ನಾಲ್ಕು' ಎಂದು ಬರೆಯುತ್ತಿದ್ದರು. ಅಜ್ಜ ನ್ಯಾಯಶಾಸ್ತ್ರ ಓದಿದವರಲ್ಲ. ನಿಮ್ಮ ಪ್ರಶ್ನೆ ಮಾತ್ರ ಅವರಿಗೆ ಏಳುತ್ತಲೇ ಇರಲಿಲ್ಲ ಅನ್ನಿಸುತ್ತದೆ.

ಕಟ್ಟುಕಥೆ ಅಂದಿರಿ. ಅದರಲ್ಲಿ ಸ್ವಲ್ಪ ನಿಜ ಇದೆ, ಇಲ್ಲ ಅನ್ನುವುದಿಲ್ಲ. 1957ರ ದೇವಕಿನಂದನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇದನ್ನು ಬಿಡಿಸಿ ಹೇಳಿದೆ: ಆಸ್ತಿ ವಿಗ್ರಹಕ್ಕೆ ಸೇರುವುದು ಭಾವದ ಮಟ್ಟದಲ್ಲಿ, ಅದರ ನಿಜವಾದ ಫಲಾನುಭವಿಗಳು ಭಕ್ತರು. ಆದರೆ ಈ ಕಥೆಯನ್ನು ಯಾರನ್ನು ತಡೆಯಲಿಕ್ಕೆ ಕಟ್ಟಿದರು ಅಂತ ಯೋಚಿಸಿದ್ದೀರಾ? ಒಂದು ಜಗಳದ ಕಥೆ ಹೇಳುತ್ತೇನೆ.

ಕಲ್ಕತ್ತಾದ ಮಲ್ಲಿಕ್ ಮನೆತನಕ್ಕೆ ಒಂದು ಕುಲದೇವರು. ಮೂವರು ಅಣ್ಣತಮ್ಮಂದಿರಿಗೆ ಸರದಿಯಂತೆ ಪೂಜೆ. ಅದಕ್ಕೆ ಅಲ್ಲಿ 'ಪಾಲಾ' ಅನ್ನುತ್ತಾರೆ. ಅವರಲ್ಲಿ ಪ್ರಮಥನಾಥ ಎಂಬುವರು ನನ್ನ ಸರದಿ ಬಂದಾಗ ದೇವರನ್ನು ನನ್ನ ಮನೆಗೇ ಒಯ್ಯುತ್ತೇನೆ ಎಂದರು. ಉಳಿದವರು ಒಪ್ಪಲಿಲ್ಲ. ಜಗಳ ಆಗ ನಮ್ಮ ದೇಶದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1925ರಲ್ಲಿ ತೀರ್ಪು ಬಂತು. ವಿಗ್ರಹ ಹಂಚಿಕೊಳ್ಳುವ ಪಾತ್ರೆಪಗಡ ಅಲ್ಲ, ಅದು ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿ. ಎಲ್ಲಿರಬೇಕು ಎಂಬುದರಲ್ಲಿ ಅದರ ಇಚ್ಛೆಗೂ ಬೆಲೆ ಕೊಡಬೇಕು. ಆ ಇಚ್ಛೆಯನ್ನು ಹೇಳುವವರು ಯಾರು? ಜಗಳಕ್ಕೆ ನಿಂತ ಅಣ್ಣತಮ್ಮಂದಿರಂತೂ ಅಲ್ಲ. ಸ್ವಂತ ಲಾಭ ಇಲ್ಲದ ಒಬ್ಬರನ್ನು ಕೋರ್ಟೇ ದೇವರ ಪರವಾಗಿ ನೇಮಿಸಬೇಕು ಎಂದರು. ಗಮನಿಸಿ, ಎದುರಿಗಿದ್ದವರು ಕಳ್ಳರಲ್ಲ, ದಿನಾ ಪೂಜೆ ಮಾಡುತ್ತಿದ್ದ ಮನೆಯವರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ನಮ್ಮವರು ಸುಮ್ಮನೆ ಹೇಳಿದ್ದಲ್ಲ.

ಇನ್ನು ಕಂಪನಿ. ಅದರ ಹಿಂದೆ ಮನುಷ್ಯರಿದ್ದಾರೆ ಎಂದು ನೀವು ಸಮಾಧಾನ ಮಾಡಿಕೊಂಡಿದ್ದೀರಿ. ಅದೇ 1925ರಲ್ಲಿ, ಅದೇ ಲಂಡನ್ನಿನಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮ್ಯಾಕೋರಾ ಎಂಬ ಐರ್ಲೆಂಡಿನ ಜಮೀನ್ದಾರರಿಗೆ ಏನಾಯಿತು ನೋಡಿ. ತಮ್ಮ ಎಸ್ಟೇಟಿನ ಮರಮಟ್ಟನ್ನು ಅವರು ಕಂಪನಿಗೆ ಮಾರಿದರು. ಕಂಪನಿಯ ಷೇರುಗಳೆಲ್ಲ ಅವರ ಕೈಯಲ್ಲೇ, ಇಲ್ಲವೇ ಅವರ ಪರವಾಗಿದ್ದವರ ಕೈಯಲ್ಲಿ. ಮರಕ್ಕೆ ವಿಮೆಯನ್ನು ಮಾತ್ರ ಸ್ವಂತ ಹೆಸರಲ್ಲಿ ಮಾಡಿಸಿದ್ದರು. 1922ರಲ್ಲಿ ಬೆಂಕಿ ಬಿತ್ತು, ಮರ ಹೋಯಿತು. ವಿಮೆಯ ಹಣ ಕೇಳಿದರೆ ಒಂದು ಕಾಸೂ ಬರಲಿಲ್ಲ. ಮರ ಕಂಪನಿಯದ್ದು, ನಿನ್ನದಲ್ಲ ಎಂದರು. ಕಂಪನಿಯ ಹಿಂದಿದ್ದ ಒಬ್ಬನೇ ಮನುಷ್ಯನಿಗೆ ಸಿಕ್ಕ ಉತ್ತರ ಇದು. ನಮ್ಮಲ್ಲೂ 1955ರಲ್ಲಿ ಬಾಚಾ ಗುಜ್ದಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ದಾರಿ ಹಿಡಿಯಿತು. ಟೀ ಕಂಪನಿಯ ಷೇರು ಇದ್ದ ಮಾತ್ರಕ್ಕೆ ಟೀ ತೋಟ ನಿಮ್ಮದಾಗುವುದಿಲ್ಲ, ಆದ್ದರಿಂದ ನಿಮ್ಮ ಡಿವಿಡೆಂಡ್ ಬೇಸಾಯದ ಆದಾಯವೂ ಅಲ್ಲ ಎಂದಿತು.

ಅಲ್ಲಿ ಮ್ಯಾಕೋರಾ, ಇಲ್ಲಿ ಪ್ರಮಥನಾಥ. ಇಬ್ಬರೂ ಮಾಡಿದ ತಪ್ಪು ಒಂದೇ. ಕೈಯಲ್ಲಿರುವುದು ನನ್ನದೇ ಅಂದುಕೊಂಡರು.

ಈಗ ನಿಮ್ಮೂರಿನ ಗದ್ದೆಗೆ ಬರೋಣ. ಸ್ವಾಧೀನಕ್ಕೆ ಎರಡು ಬೇಕು ಅಂತ ನೀವು ಓದಿರಬೇಕು: ವಸ್ತುವಿನ ಮೇಲೆ ಹಿಡಿತ, ಮತ್ತು ನನಗಾಗಿ ಹಿಡಿದಿದ್ದೇನೆ ಎಂಬ ಮನಸ್ಸು. ಅರ್ಚಕರಿಗೆ ಹಿಡಿತ ಇದೆ. ಆದರೆ ಅವರ ಅಜ್ಜ ಆ ಗದ್ದೆಗೆ ಇಳಿದಿದ್ದು ದೇವರ ಸೇವೆಯವರಾಗಿ. ಹಾಗಾಗಿ ಉಳುವ ಕೈ ಅರ್ಚಕರದ್ದಾದರೂ ಸ್ವಾಧೀನ ದೇವರದ್ದೇ. 2021ರಲ್ಲಿ ಮಧ್ಯಪ್ರದೇಶದ ಅರ್ಚಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಕಂದಾಯ ದಾಖಲೆಯ ಒಡೆಯರ ಕಾಲಂನಲ್ಲಿ ದೇವರ ಹೆಸರು ಮಾತ್ರ ಸಾಕು. ಅನುಭವದಾರರ ಕಾಲಂನಲ್ಲೂ ಅರ್ಚಕರ ಹೆಸರು ಬೇಕಿಲ್ಲ, ಯಾಕೆಂದರೆ ದೇವರೇ ಸೇವಕರ ಮೂಲಕ ಅನುಭವಿಸುತ್ತಾರೆ. ನಮ್ಮ ಪಹಣಿಯ ಲೆಕ್ಕದಲ್ಲಿ ಹೇಳುವುದಾದರೆ 9ನೇ ಕಾಲಂ ಮತ್ತು 12ನೇ ಕಾಲಂ. ಅದೇ ತೀರ್ಪು ಸರ್ಕಾರದ ಕೈಯನ್ನೂ ಕಟ್ಟಿತು. ಸರ್ಕಾರಕ್ಕೆ ಸೇರದ ದೇವಸ್ಥಾನಕ್ಕೆ ಕಲೆಕ್ಟರನ್ನು ವ್ಯವಸ್ಥಾಪಕ ಎಂದು ಬರೆಯುವ ಹಾಗಿಲ್ಲ ಎಂದಿತು. ಇದು ನನಗೆ ಇನ್ನೂ ಜಾಸ್ತಿ ಖುಷಿ ಕೊಟ್ಟ ಸಾಲು.

ಒಂದು ಎಚ್ಚರಿಕೆ. ನಿಮ್ಮೂರಿನ ಗದ್ದೆ ಇನಾಂ ಜಮೀನಾಗಿದ್ದು, ಇನಾಂ ರದ್ದತಿ ಇಲ್ಲವೇ ಭೂಸುಧಾರಣೆ ಕಾಯ್ದೆಯಲ್ಲಿ ಅರ್ಚಕರಿಗೆ ಹಕ್ಕು ಮಂಜೂರಾಗಿದ್ದರೆ ಮಾತೇ ಬೇರೆ. ಆಗ ಅವರನ್ನು ಒಡೆಯರನ್ನಾಗಿ ಮಾಡಿದ್ದು ಆ ಕಾಯ್ದೆ, ಮೂರು ತಲೆಮಾರಿನ ಉಳುಮೆ ಅಲ್ಲ.

ನಿಮ್ಮ ಗೈಡಿನ ಮೇಲೆ ನನಗೆ ಸಿಟ್ಟಿದೆ. ದೇವರು ಶಾಶ್ವತ ಮೈನರ್ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಮೈನರ್ ಅನ್ನುವುದು ಒಂದು ಹೋಲಿಕೆ ಅಷ್ಟೆ. ತಾನಾಗಿ ಕೋರ್ಟಿಗೆ ಬರಲಾಗದು, ಬೇರೆಯವರು ಪರವಾಗಿ ನಿಲ್ಲಬೇಕು, ಅಲ್ಲಿಯವರೆಗೆ ಆ ಹೋಲಿಕೆ ಸರಿ. ದಾವೆ ಹೂಡುವ ಗಡುವಿನಲ್ಲಿ ಕಾಲಮಿತಿ ಕಾಯ್ದೆ ಮೈನರಿಗೆ ಕೊಡುವ ರಿಯಾಯಿತಿ ದೇವರಿಗೆ ಸಿಗುವುದಿಲ್ಲ. 2019ರ ಅಯೋಧ್ಯೆ ತೀರ್ಪಿನಲ್ಲೂ ದೇವರಿಗೆ ಆ ರಿಯಾಯಿತಿ ಸಿಗಬೇಕು ಎಂಬ ವಾದ ನಿಲ್ಲಲಿಲ್ಲ. ಹೊರಗಿನವನೊಬ್ಬ ದೇವರ ಜಮೀನಿಗೆ ಬೇಲಿ ಹಾಕಿಕೊಂಡು 12 ವರ್ಷ ಬಹಿರಂಗವಾಗಿ ಕೂತರೆ, ಯಾರೂ ಕೇಳದಿದ್ದರೆ, ದೇವರೂ ಜಮೀನು ಕಳೆದುಕೊಳ್ಳಬಹುದು. ಅರ್ಚಕರಿಗೆ ಹಾಗೆ ವರ್ಷ ಎಣಿಸುವ ದಾರಿ ಸುಲಭಕ್ಕೆ ಇಲ್ಲ. ಅವರು ಕೂತಿದ್ದೇ ದೇವರ ಪರವಾಗಿ. ಹಾಗೆ ಕಾಯಬೇಕಾದವರೇ ದೇವರ ಹಿತಕ್ಕೆ ವಿರುದ್ಧ ನಡೆದರೆ ಭಕ್ತರೊಬ್ಬರು ದೇವರ ಪರವಾಗಿ ದಾವೆ ಹೂಡಬಹುದು ಎಂದು 1967ರ ಬಿಶ್ವನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೈಡಿನವರು ಇದನ್ನು ಬಿಟ್ಟಿದ್ದರೆ ಅರ್ಧ ಪಾಠವನ್ನೇ ಬಿಟ್ಟರು ಅಂತ ಅರ್ಥ.

ಅರ್ಚಕರ ಬಗ್ಗೆ ನನಗೆ ಕನಿಕರ ಇಲ್ಲ ಅಂದುಕೊಳ್ಳಬೇಡಿ. ಇನಾಂ ಜಮೀನು ಹೋದ ಮೇಲೆ ಎಷ್ಟೋ ಊರಿನಲ್ಲಿ ದೇವರ ದೀಪ ಉರಿಯುವುದು ಮುಜರಾಯಿಯಿಂದ ವರ್ಷಕ್ಕೊಮ್ಮೆ ಬರುವ ತಸ್ತೀಕಿನಲ್ಲಿ. ಅರ್ಚಕರು ಹೊಟ್ಟೆಪಾಡಿಗೆ ಹೊಲ ಹಿಡಿದುಕೊಂಡರೆ ನಮಗೆ ಕಣ್ಣು ಕೆಂಪಾಗುತ್ತದೆ. ಕಂಪನಿ ದುಡ್ಡಲ್ಲಿ ಮಗಳ ಮದುವೆ ಮಾಡಿದವರನ್ನು ಮಾತ್ರ ಯಶಸ್ವಿ ಉದ್ಯಮಿ ಅಂತ ಕರೆದು ಹಾರ ಹಾಕುತ್ತೇವೆ. ನನಗೆ ಗೊತ್ತಿರುವ ಒಬ್ಬರು ಪ್ರೈವೇಟ್ ಲಿಮಿಟೆಡ್ ಮುದ್ರಣಾಲಯ ನಡೆಸುತ್ತಾರೆ. ಅದರ ಖಾತೆಯಿಂದ ಮನೆ ಕಟ್ಟಿಸಿಕೊಂಡು, ಆಡಿಟರ್ ಕೇಳಿದಾಗ 'ನಂದೇ ಕಂಪನಿ ಅಲ್ವೇನ್ರಿ' ಎಂದರಂತೆ. ನಮ್ಮಜ್ಜನ ಎರಡನೇ ಪುಸ್ತಕವನ್ನು ಅವರಿಗೆ ತೋರಿಸಬೇಕಿತ್ತು.

ಮುಂದಿನ ಸಲ ಊರಿಗೆ ಹೋದಾಗ ಆ ಗದ್ದೆಯ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಋಣ, ಹಕ್ಕು ಅಂತ ಏನಾದರೂ ಬರೆದಿದೆಯಾ ನೋಡಿ, ನಮಗೆ ಬರೆದು ಕಳಿಸಿ.

— ಸಂ.