‘ಅದಾಗದಿದ್ದರೆ ಇದಾದರೂ ಸಾಕು’ ಎಂದು ಮಾತ್ರ ಕೇಳಬೇಡಿ

ಪ್ರಶ್ನೆ: ಒಂದು ವರ್ಷದಿಂದ ಹೆಚ್ಚುವರಿ ಜವಾಬ್ದಾರಿ ಹೊತ್ತಿದ್ದೇನೆ. ಸಂಬಳ ಪರಿಷ್ಕರಣೆಯನ್ನೋ ಅಥವಾ ಮನೆಯಿಂದ ಕೆಲಸ ಮಾಡುವ ಅನುಮತಿಯನ್ನೋ ಮ್ಯಾನೇಜರ್ ಬಳಿ ಕೇಳಬೇಕೆಂದಿದ್ದೇನೆ. ಹಠ ಹಿಡಿದಂತೆ ಕಾಣದೆ ಕೇಳುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿರುವ ‘ಅಥವಾ’ ನನಗೆ ಚೆನ್ನಾಗಿ ಪರಿಚಯವಿರುವ ಪದ. ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟಾಗ ಅವರು ನೋಡಿಕೊಳ್ಳುತ್ತಿದ್ದ ಮೂವರು ಗ್ರಾಹಕರ ತಿಂಗಳ ಲೆಕ್ಕಪತ್ರ ನನ್ನ ಮೇಲೆ ಬಂದಿತ್ತು. ಹದಿನಾಲ್ಕು ತಿಂಗಳು ಸುಮ್ಮನೆ ಮಾಡಿದೆ. ಕೊನೆಗೆ, ವಾರ್ಷಿಕ ಅಪ್ರೈಸಲ್ ಪತ್ರವನ್ನು ಕೈಗೆ ಕೊಟ್ಟ ದಿನವೇ ಧೈರ್ಯ ಮಾಡಿ ಕೇಳಿದೆ: “ಸಂಬಳದ ವಿಚಾರ ಸ್ವಲ್ಪ ನೋಡಬಹುದೇ ಸರ್? ಅದು ಕಷ್ಟವಾದರೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸಕ್ಕಾದರೂ ಅನುಮತಿ ಕೊಟ್ಟರೆ ಸಾಕು.”

ನನ್ನ ಮಾತು ಮುಗಿಯುವ ಮೊದಲೇ ಅವರ ಮುಖ ಹಗುರಾಯಿತು, ತೆರೆದಿದ್ದ ಡೈರಿ ಮುಚ್ಚಿತು. ಮರುದಿನವೇ ಎರಡು ದಿನಗಳ ಅನುಮತಿ ಬಂದಾಗ ನಾನು ಗೆದ್ದೆನೆಂದೇ ಭಾವಿಸಿದ್ದೆ. ಮರುವರ್ಷ ಮತ್ತೆ ಸಂಬಳದ ಮಾತೆತ್ತಿದಾಗ ಅವರು ಹಳೆಯ ಇಮೇಲೊಂದನ್ನು ತೆರೆದು ತೋರಿಸಿದರು. ಅದರಲ್ಲಿ, ನನ್ನ ವೇತನದ ಕೋರಿಕೆಯನ್ನು ಚರ್ಚಿಸಲಾಗಿದೆ, ಅದರ ಬದಲಿಗೆ ಮನೆಯಿಂದ ಕೆಲಸದ ಅನುಕೂಲ ಕೊಟ್ಟು ಇತ್ಯರ್ಥಪಡಿಸಲಾಗಿದೆ ಎಂದಿತ್ತು. ಅದು ಸುಳ್ಳೇನಲ್ಲ, ‘ಸಾಕು’ ಎಂದವನು ನಾನೇ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ದಿನ ನಾನು ಇದನ್ನು ಮಾತಿನ ಧಾಟಿಯ ತಪ್ಪೆಂದೇ ತಿಳಿದಿದ್ದೆ. ಸಂಬಳ ಕೇಳಿದಾಗ ಮ್ಯಾನೇಜರ್‌ಗೆ ಎದುರಾಗುವುದು ಹಣದ ತೊಡಕು: ಇಡೀ ತಂಡಕ್ಕೆಂದು ಬಂದ ಮೊತ್ತವನ್ನೇ ಅವರು ಹಂಚಬೇಕು, ಒಬ್ಬರಿಗೆ ಹೆಚ್ಚು ಕೊಡಬೇಕಾದರೆ ಇನ್ನೊಬ್ಬರಿಗೆ ಕಡಿಮೆ ಮಾಡಬೇಕು, ಇಲ್ಲವೇ ಮೇಲಿನವರ ಮುಂದೆ ಹೋಗಿ ಕಾರಣ ಹೇಳಿ ಹೆಚ್ಚುವರಿ ಹಣ ತರಬೇಕು. ಮನೆಯಿಂದ ಕೆಲಸ ಕೇಳಿದಾಗ ಹಣದ ಮಾತೇ ಇಲ್ಲ, ನಿಮಗೆ ಕೊಟ್ಟರೆ ನಾಳೆ ಉಳಿದವರೂ ಕೇಳುತ್ತಾರಲ್ಲ ಎಂಬ ಅಳುಕು ಮಾತ್ರ. ಬೇರೆ ಬೇರೆ ಕಾರಣಗಳಿಂದ ಕಷ್ಟವಾಗುವ ಎರಡು ಕೋರಿಕೆಗಳನ್ನು ಒಂದೇ ವಾಕ್ಯದಲ್ಲಿ ಇಟ್ಟರೆ ಅವರು ತಮಗೆ ಅಗ್ಗವಾದುದನ್ನು ಆರಿಸಿಕೊಳ್ಳುತ್ತಾರೆ, ಮತ್ತೊಂದರ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ನನ್ನ ವಿಷಯದಲ್ಲಿ ಪತ್ರವೂ ಆಗಲೇ ಕೈಗೆ ಬಂದಿದ್ದರಿಂದ ಹಂಚಲು ಅವರ ಬಳಿ ಏನೂ ಉಳಿದಿರಲಿಲ್ಲ. ಪತ್ರ ಸಿದ್ಧವಾಗುವುದಕ್ಕೆ ವಾರಗಳ ಮುಂಚೆಯೇ ಮ್ಯಾನೇಜರ್‌ಗಳು ತಮ್ಮ ಶಿಫಾರಸನ್ನು ಮೇಲಕ್ಕೆ ಕಳುಹಿಸಿರುತ್ತಾರೆ. ಆ ಗಡುವು ಯಾವಾಗ ಎಂದು ಮೊದಲೇ ಕೇಳಿ ತಿಳಿದುಕೊಳ್ಳುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಆದ್ದರಿಂದ ‘ಹಠ ಹಿಡಿದಂತೆ ಕಾಣದೆ’ ಎಂಬ ನಿಮ್ಮ ಚಿಂತೆಯನ್ನು ನಾನು ಒಪ್ಪುವುದಿಲ್ಲ. ನಾನು ಎಷ್ಟು ಮೆತ್ತಗೆ ಕೇಳಿದ್ದೆನೆಂದರೆ, ನನ್ನ ಪರವಾಗಿ ಮೇಲಿನವರೊಂದಿಗೆ ವಾದಿಸಲು ಮ್ಯಾನೇಜರ್ ಬಯಸಿದ್ದರೂ ಅವರ ಕೈಯಲ್ಲಿ ಹಿಡಿಯಲು ಒಂದು ಅಂಕಿಯಾಗಲಿ ಕಾರಣವಾಗಲಿ ಇರಲಿಲ್ಲ. ‘ಸ್ವಲ್ಪ ನೋಡಿ’ ಎಂಬುದನ್ನು ಅವರು ಯಾವ ಅರ್ಜಿಯಲ್ಲಿ ಬರೆಯಬೇಕು?

ಮೂರನೆಯ ಬಾರಿ, ಆ ಗಡುವಿಗೆ ಹತ್ತು ವಾರಗಳಿರುವಾಗ, “ನನ್ನ ಸಂಬಳ ಪರಿಷ್ಕರಣೆಯ ಬಗ್ಗೆ ಮಾತನಾಡಲು ಈ ವಾರ ಅರ್ಧ ಗಂಟೆ ಬೇಕು” ಎಂದು ವಿಷಯವನ್ನು ಮುಚ್ಚಿಡದೆ ಬರೆದು ಕಳುಹಿಸಿದೆ. ಭೇಟಿಗೆ ಒಂದೇ ಪುಟ ಒಯ್ದೆ. ನೇಮಕವಾದಾಗ ನನಗೆ ಒಪ್ಪಿಸಿದ್ದ ಕೆಲಸ ಯಾವುದು, ಈಗ ಮಾಡುತ್ತಿರುವುದು ಯಾವುದು, ಆ ಮೂವರು ಗ್ರಾಹಕರ ಲೆಕ್ಕ ಎಷ್ಟು ತಿಂಗಳಿಂದ ತಡವಾಗದೆ ಹೋಗುತ್ತಿದೆ, ಇವಿಷ್ಟರ ಕೆಳಗೆ ಶೇಕಡಾ 18 ಎಂಬ ಒಂದೇ ಅಂಕಿ. ಬಾಡಿಗೆ, ಸಾಲ, ಮನೆಯ ಖರ್ಚು ಯಾವುದನ್ನೂ ಬರೆಯಲಿಲ್ಲ, ನೀವೂ ಬರೆಯಬೇಡಿ. ಅಂಕಿ ಹೇಳಿದ ಮೇಲೆ ಬಾಯಿ ಮುಚ್ಚಿ ಕುಳಿತದ್ದೇ ಅತ್ಯಂತ ಕಷ್ಟದ ಕೆಲಸವಾಗಿತ್ತು, ‘ಆಗದಿದ್ದರೆ ಪರವಾಗಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕುಳಿತಿತ್ತು.

ಮನೆಯಿಂದ ಕೆಲಸವೂ ನಿಮಗೆ ನಿಜಕ್ಕೂ ಬೇಕಾಗಿದ್ದರೆ ಅದನ್ನು ಒಂದೆರಡು ತಿಂಗಳು ಬಿಟ್ಟು ಬೇರೆಯಾಗಿಯೇ ಕೇಳಿ. ಯಾವ ಎರಡು ದಿನ, ಎಷ್ಟು ವಾರಗಳ ಪ್ರಯೋಗ, ಯಾವ ಕೆಲಸ ಹಿಂದೆ ಬಿದ್ದರೆ ನೀವಾಗಿಯೇ ಕಚೇರಿಗೆ ಮರಳುತ್ತೀರಿ ಎಂದು ಬರೆದುಕೊಟ್ಟರೆ, ಬೇರೆಯವರು ಕೇಳಿದಾಗ ತೋರಿಸಲು ಮ್ಯಾನೇಜರ್ ಬಳಿ ಒಂದು ನಿಯಮವಿರುತ್ತದೆ.

ಅಂದು ಮ್ಯಾನೇಜರ್ ಪುಟವನ್ನು ಎರಡು ಬಾರಿ ಓದಿ, “ಇದನ್ನು ಹೀಗೆಯೇ ಮೇಲಕ್ಕೆ ಕಳುಹಿಸಲೇ?” ಎಂದಷ್ಟೇ ಕೇಳಿದರು. ಅದೇ ಸಂಜೆ ನಾನು ಮಾತುಕತೆಯ ಸಾರವನ್ನು ನಾಲ್ಕು ಸಾಲಿನ ಇಮೇಲಿನಲ್ಲಿ ಬರೆದು ಕಳುಹಿಸಿದೆ, ಈ ಬಾರಿ ದಾಖಲೆಯಲ್ಲಿರುವ ಮಾತು ನನ್ನದೇ ಆಗಿರಲಿ ಎಂದು. ಶೇಕಡಾ 12 ಸಿಕ್ಕಿತು. ಉಳಿದ 6ರ ಬಗ್ಗೆ ಆರು ತಿಂಗಳ ನಂತರ ಮತ್ತೆ ಕೂರೋಣ ಎಂದು ಅವರೇ ಆ ಇಮೇಲಿಗೆ ಉತ್ತರಿಸಿದ್ದಾರೆ, ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.