ಕಂಪ್ಯೂಟರ್ ತೋರಿಸಿದ ಮೂಗು, ಚರ್ಮ ಒಪ್ಪುವ ಮೂಗು

"ನನಗೆ 26 ವರ್ಷ. ಮೂಗಿನ ನಡುವೆ ಉಬ್ಬು ಇದೆ, ತುದಿ ದಪ್ಪ. ಸೆಲ್ಫಿಯಲ್ಲಂತೂ ನೋಡೋಕಾಗಲ್ಲ. ಮದುವೆ ಮಾತು ಮುಗಿದಿದೆ, ಇನ್ನು ನಾಲ್ಕು ತಿಂಗಳಿದೆ. ಬೆಂಗಳೂರಿನ ಡಾಕ್ಟರು ಆಪರೇಷನ್ ಆದಮೇಲೆ ಹೇಗಿರ್ತೀನಿ ಅಂತ ಕಂಪ್ಯೂಟರಿನಲ್ಲಿ ತೋರಿಸಿದರು, ತುಂಬಾ ಚೆನ್ನಾಗಿತ್ತು. ಅಮ್ಮ 'ಅದು ನಿಮ್ಮಜ್ಜಿ ಮೂಗು, ಮುಟ್ಟಬೇಡ' ಅಂತಾರೆ. ರಾತ್ರಿ ಎಡಗಡೆ ಹೊಳ್ಳೆ ಕಟ್ಟಿಕೊಳ್ಳುತ್ತೆ, ಅದು ಬೇರೆ. ಮಾಡಿಸಿಕೊಳ್ಳಲೋ ಬೇಡವೋ?"
— ಹೆಸರು ಬೇಡ, ದಾವಣಗೆರೆ

ಮದುವೆಗೆ ಮೊದಲು ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಾನು ವೈದ್ಯೆಯಲ್ಲ. ಆದರೆ ಮೂರು ವರ್ಷದ ಹಿಂದೆ ನನ್ನ ತಂಗಿಯ ಮಗಳು ಇದೇ ಆಪರೇಷನ್ ಮಾಡಿಸಿಕೊಂಡಾಗ ಮೊದಲ ಭೇಟಿಯಿಂದ ಕೊನೆಯ ಭೇಟಿಯವರೆಗೂ ಜೊತೆಗಿದ್ದೆ. ಅವಳದೂ ನಿಮ್ಮ ಹಾಗೆಯೇ ಉಬ್ಬಿದ, ತುದಿ ದಪ್ಪದ ಮೂಗು. ಏಳನೆಯ ದಿನ ಮೂಗಿನ ಮೇಲಿನ ಗಟ್ಟಿ ಕವಚ ಬಿಚ್ಚಿದರು. ಕಣ್ಣಿನ ಕೆಳಗೆ ಹಳದಿ-ನೀಲಿ ಕಲೆ, ಮೂಗು ಮೊದಲಿಗಿಂತ ಅಗಲ, ತುದಿ ಮೇಲಕ್ಕೆ ಎತ್ತಿಕೊಂಡಿತ್ತು. ಕನ್ನಡಿ ನೋಡಿ ಅತ್ತಳು. ಕಲೆಗಳು ಎರಡು ವಾರದಲ್ಲಿ ಹೋದವು. ಉಬ್ಬು ಹೋದದ್ದು ಮೂರನೆಯ ತಿಂಗಳ ಹೊತ್ತಿಗೆ ಪಕ್ಕದಿಂದ ಚೆನ್ನಾಗಿ ಕಾಣಿಸಿತು. ತುದಿ ಮಾತ್ರ ಬೆಳಿಗ್ಗೆ ಒಂದು ಥರ, ಸಂಜೆಗೆ ಒಂದು ಥರ. ಅದು ಒಂದು ರೂಪಕ್ಕೆ ಬಂದು ನಿಂತದ್ದು ಹದಿನಾಲ್ಕನೆಯ ತಿಂಗಳಲ್ಲಿ. ಬಾವು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ತುದಿಯದು ಕಟ್ಟಕಡೆಗೆ. ಸಾಮಾನ್ಯವಾಗಿ ಪೂರ್ತಿ ಇಳಿಯಲು ಒಂದು ವರ್ಷ ಬೇಕು, ಚರ್ಮ ದಪ್ಪಗಿದ್ದರೆ ಇನ್ನೂ ಹೆಚ್ಚು. ಕನ್ನಡಕ ಹಾಕುವವರು ಒಂದೂವರೆ ತಿಂಗಳವರೆಗೂ ಅದರ ಭಾರ ಮೂಗಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕಾಗುತ್ತದೆ. ಮೂಗುಬೊಟ್ಟನ್ನು ಆಪರೇಷನ್ನಿಗೆ ಮೊದಲೇ ತೆಗೆಸುತ್ತಾರೆ. ಮತ್ತೆ ಹಾಕಲು ಅಪ್ಪಣೆ ಸಿಗುವ ಹೊತ್ತಿಗೆ ನಮ್ಮ ಹುಡುಗಿಯ ರಂಧ್ರ ಮುಚ್ಚಿಹೋಗಿತ್ತು. ನಾಲ್ಕು ತಿಂಗಳಲ್ಲಿ ಧಾರೆಗೆ ಕೂರುವ ನಿಮ್ಮ ಮದುವೆ ಆಲ್ಬಮ್ಮಿನಲ್ಲಿ ಅರ್ಧ ದಾರಿಯಲ್ಲಿರುವ ಮೂಗು ಇರುತ್ತದೆ.

ಇನ್ನು ಆ ಕಂಪ್ಯೂಟರ್ ಚಿತ್ರ. ಅದನ್ನು ತೋರಿಸಿದ್ದು ತಪ್ಪಲ್ಲ. ನಿಮಗೇನು ಬೇಕು, ಡಾಕ್ಟರ ಮನಸ್ಸಿನಲ್ಲೇನಿದೆ ಎಂದು ಇಬ್ಬರಿಗೂ ತಿಳಿಯಲು ಅದು ಒಳ್ಳೆಯ ದಾರಿ. ಆದರೆ ಕಂಪ್ಯೂಟರಿಗೆ ಚರ್ಮ ಗೊತ್ತಿಲ್ಲ. ನಿಮ್ಮ ಮೂಗಿನ ಮೇಲಿನ ಮೂರನೇ ಒಂದು ಭಾಗ ಮೂಳೆ, ಕೆಳಗಿನದು ಮೃದ್ವಸ್ಥಿ, ಅಂದರೆ ಕಿವಿಯಲ್ಲಿರುವಂಥ ಬಾಗುವ ಮೂಳೆ. ಶಸ್ತ್ರವೈದ್ಯರು ಕತ್ತರಿಸಿ, ಹೊಲಿದು ತಿದ್ದುವುದು ಇವೆರಡನ್ನು. ಮೇಲಿನ ಚರ್ಮ ಇದ್ದ ಹಾಗೆಯೇ ಇರುತ್ತದೆ. ಒಳಗಿನ ಹೊಸ ಆಕಾರಕ್ಕೆ ಅದು ತಾನಾಗಿ ಕುಗ್ಗಿ ಅಂಟಿಕೊಳ್ಳಬೇಕು.

ಮೂಗಿನ ದಿಂಡಿನ ಮೇಲೆ ಚರ್ಮ ತೆಳು. ಹಾಗಾಗಿ ಉಬ್ಬು ತೆಗೆದರೆ ಅದರ ಫಲ ನೇರವಾಗಿ ಕಾಣುತ್ತದೆ. ತುದಿಯ ಚರ್ಮ ದಪ್ಪ, ಎಣ್ಣೆ ಗ್ರಂಥಿ ತುಂಬಿದ್ದು, ನಮ್ಮ ಕಡೆಯ ಬಹಳ ಜನರಲ್ಲಿ ಹೀಗೆಯೇ. ದಪ್ಪ ಕಂಬಳಿ ಹೊದಿಸಿದ ಕುರ್ಚಿಯ ಕೆತ್ತನೆ ಹೊರಗೆ ಕಾಣುತ್ತದೆಯೇ? ತುದಿಯ ಮೃದ್ವಸ್ಥಿಯನ್ನು ಎಷ್ಟೇ ನಾಜೂಕಾಗಿ ತಿದ್ದಿದರೂ ಹೊರಗೆ ಕಾಣುವುದು ಅದರ ಒಂದು ಪಾಲು ಮಾತ್ರ. 'ಇನ್ನೂ ಸಣ್ಣಗೆ ಮಾಡಿ' ಎಂದು ಒತ್ತಾಯಿಸಿ ಒಳಗಿನ ಆಧಾರವನ್ನು ಜಾಸ್ತಿ ತೆಗೆಸಿದರೆ ಚರ್ಮ ಅಷ್ಟು ಕುಗ್ಗದೆ, ಕೆಳಗೆ ಉಳಿದ ಸಂದಿಯಲ್ಲಿ ಗಾಯದ ಗಟ್ಟಿ ಮಾಂಸ ತುಂಬಿಕೊಳ್ಳುತ್ತದೆ. ಆಗ ತುದಿಯ ಮೇಲ್ಗಡೆ ಹೊಸದೊಂದು ಉಬ್ಬು ಎದ್ದು ಮೂಗು ಗಿಣಿಯ ಕೊಕ್ಕಿನಂತೆ ಕಾಣುತ್ತದೆ. ಎರಡನೇ ಸಲ ಆಪರೇಷನ್ ಮಾಡಿಸುವವರಲ್ಲಿ ಹಲವರ ದೂರು ಇದೇ. ದಪ್ಪ ಚರ್ಮದ ತುದಿಗೆ ಕೆಲವೊಮ್ಮೆ ಕಡಿಮೆ ಮಾಡುವುದಕ್ಕಿಂತ ಒಳಗಿನಿಂದ ಆಧಾರ ಕೊಟ್ಟು ಮುಂದಕ್ಕೆ ತರುವುದೇ ಸರಿ.

ಆದ್ದರಿಂದ ಡಾಕ್ಟರ ಹತ್ತಿರ ಮತ್ತೆ ಹೋದಾಗ ಚಿತ್ರದ ಮೇಲೆ ಬೆರಳಿಟ್ಟು ಕೇಳಿ: ಈ ಉಬ್ಬು ಹೋಗುವುದು ಎಷ್ಟು ಖಚಿತ, ಈ ತುದಿ ಎಷ್ಟು ಖಚಿತ? ಎರಡಕ್ಕೂ ಒಂದೇ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ನಿಮ್ಮಂಥದೇ ಚರ್ಮ ಇರುವವರ, ಒಂದು ವರ್ಷ ಕಳೆದ ಮೇಲಿನ ಫೋಟೋ ತೋರಿಸಿ ಎನ್ನಿ. ಮೂರು ತಿಂಗಳ ಫೋಟೋ ಸಾಲದು.

ನೀವು ಕೊನೆಯಲ್ಲಿ 'ಅದು ಬೇರೆ' ಎಂದು ಬರೆದ ಎಡ ಹೊಳ್ಳೆಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಅದು ಬೇರೆಯಲ್ಲ. ಉಬ್ಬು ತೆಗೆಯುವಾಗ ಮೂಗಿನ ನಡುಭಾಗದ ಚಾವಣಿ ತೆರೆದುಕೊಳ್ಳುತ್ತದೆ, ಅದನ್ನು ಮುಚ್ಚಲು ಅಕ್ಕಪಕ್ಕದ ಗೋಡೆಗಳನ್ನು ಒಳಕ್ಕೆ ತರುತ್ತಾರೆ. ಗಾಳಿ ಹೋಗುವ ದಾರಿ ಅತ್ಯಂತ ಕಿರಿದಾಗಿರುವುದು ಅಲ್ಲೇ. ಈಗಲೇ ಕಟ್ಟಿಕೊಳ್ಳುವ ಮೂಗು ಆಮೇಲೆ ಇನ್ನಷ್ಟು ಕಟ್ಟಿಕೊಳ್ಳಬಹುದು. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ: ಎಡ ಕೆನ್ನೆಯ ಮೇಲೆ, ಮೂಗಿನ ಪಕ್ಕದಲ್ಲಿ ಎರಡು ಬೆರಳಿಟ್ಟು ಚರ್ಮವನ್ನು ಮೆಲ್ಲಗೆ ಕಿವಿಯ ಕಡೆಗೆ ಎಳೆದು ಉಸಿರು ತೆಗೆದುಕೊಳ್ಳಿ. ತಟ್ಟನೆ ಹಗುರಾದರೆ ಆ ಕಿರಿದಾದ ಜಾಗದಲ್ಲೇ ತೊಂದರೆ ಇರುವ ಸಾಧ್ಯತೆ ಹೆಚ್ಚು. ಏನೂ ವ್ಯತ್ಯಾಸವಾಗದಿದ್ದರೆ ಒಳಗಿನ ನಡುಗೋಡೆ ಸೊಟ್ಟಗಿರಬಹುದು, ಅಥವಾ ಬರೀ ಅಲರ್ಜಿಯೇ ಇರಬಹುದು. ಏನೇ ಇರಲಿ, ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ನಮ್ಮ ಹುಡುಗಿಗೆ ನಡುಗೋಡೆ ವಾಲಿತ್ತು. ಅದನ್ನು ನೆಟ್ಟಗೆ ಮಾಡಿ, ಅಲ್ಲಿಂದಲೇ ತೆಗೆದ ಮೃದ್ವಸ್ಥಿಯ ಎರಡು ಪಟ್ಟಿಗಳನ್ನು ನಡುಭಾಗದ ಎರಡೂ ಕಡೆ ಕೂರಿಸಿ ದಾರಿ ಅಗಲವಾಗಿಯೇ ಉಳಿಯುವಂತೆ ಮಾಡಿದರು. ಖರ್ಚಿನ ವಿಷಯಕ್ಕೂ ಇದು ಮುಖ್ಯ. ಬರೀ ಚೆಂದಕ್ಕೆ ಮಾಡಿಸುವುದಕ್ಕೆ ಆರೋಗ್ಯ ವಿಮೆ ದುಡ್ಡು ಕೊಡುವುದಿಲ್ಲ, ಉಸಿರಾಟದ ತೊಂದರೆಯ ಚಿಕಿತ್ಸೆಗೆ ಪಾಲಿಸಿ ನೋಡಿ ಕೇಳಬಹುದು.

ಸೆಲ್ಫಿ ನೋಡಿ ತೀರ್ಮಾನಕ್ಕೆ ಬರಬೇಡಿ. ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಕಾರ, 30 ಸೆಂಟಿಮೀಟರ್ ದೂರದಿಂದ ತೆಗೆದ ಫೋಟೋದಲ್ಲಿ ಮೂಗು ಒಂದೂವರೆ ಮೀಟರ್ ದೂರದ ಫೋಟೋಗಿಂತ ಸುಮಾರು 30 ಪರ್ಸೆಂಟ್ ಅಗಲವಾಗಿ ಕಾಣುತ್ತದೆ. ತಮ್ಮನ ಕೈಗೆ ಫೋನ್ ಕೊಟ್ಟು ಐದಡಿ ದೂರ ನಿಲ್ಲಿಸಿ, ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಸಿ. ಪಕ್ಕದ್ದರಲ್ಲಿ ಗದ್ದವನ್ನೂ ನೋಡಿ. ಗದ್ದ ಒಳಗಿದ್ದರೆ ಸಾಧಾರಣ ಮೂಗೂ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಮಾತು, ಇದನ್ನು ನಿಮಗೆ ನೀವೇ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ದಿನದಲ್ಲಿ ಎಷ್ಟು ಹೊತ್ತು ಮೂಗಿನ ಯೋಚನೆಯಲ್ಲಿ ಕಳೆಯುತ್ತೀರಿ? ದಿನಾ ಒಂದು ಗಂಟೆಗಿಂತ ಹೆಚ್ಚಾದರೆ, ಅದಕ್ಕಾಗಿ ಸಮಾರಂಭಗಳಿಗೆ ಹೋಗುವುದನ್ನು ಬಿಟ್ಟಿದ್ದರೆ, ಮೊದಲು ಮನೋವೈದ್ಯರನ್ನು ಕಾಣಿ. ಅದೊಂದು ಗುರುತಿಸಬಹುದಾದ ಕಾಯಿಲೆ, ಅದಕ್ಕೆ ಔಷಧಿ ಮತ್ತು ಮಾತಿನ ಚಿಕಿತ್ಸೆ ಇವೆ. ಆ ಸ್ಥಿತಿಯಲ್ಲಿ ಎಷ್ಟೇ ಒಳ್ಳೆಯ ಆಪರೇಷನ್ ಆದರೂ ಸಾಮಾನ್ಯವಾಗಿ ಸಮಾಧಾನ ಸಿಗುವುದಿಲ್ಲ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಉಬ್ಬು ಇಷ್ಟವಿಲ್ಲ, ತುದಿ ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದೀರಿ. ಅಮ್ಮನಿಗೂ ಅಷ್ಟೇ ಸ್ಪಷ್ಟವಾಗಿ ಹೇಳಿ. ಅವರಿಗದು ತಮ್ಮ ತಾಯಿಯ ಮುಖದ ಗುರುತು. 'ಉಬ್ಬು ಮಾತ್ರ ಸ್ವಲ್ಪ ಇಳಿಸುತ್ತಾರೆ' ಎಂದರೆ ಅವರಿಗೂ ಅರ್ಥವಾದೀತು.

ಮದುವೆಯಾಗಿ ಒಂದು ವರ್ಷದ ಮೇಲೂ ಮನಸ್ಸು ಹೀಗೆಯೇ ಇದ್ದರೆ ಹೋಗಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್ ಅಥವಾ ಡಿಎನ್‌ಬಿ ಮಾಡಿದವರ ಬಳಿ, ಇಲ್ಲವೇ ಮೂಗಿನ ಆಕಾರ ತಿದ್ದುವುದರಲ್ಲಿ ಪಳಗಿದ ಇಎನ್‌ಟಿ ತಜ್ಞರ ಬಳಿ. ನೂರು ಜನರಲ್ಲಿ ಐದರಿಂದ ಹದಿನೈದು ಮಂದಿಗೆ ಮತ್ತೊಮ್ಮೆ ತಿದ್ದಿಸಿಕೊಳ್ಳಬೇಕಾಗುತ್ತದೆ ಎಂದು ಈ ಕ್ಷೇತ್ರದವರೇ ಹೇಳುತ್ತಾರೆ, ಅದಕ್ಕೂ ಮೊದಲ ಬಾವು ಪೂರ್ತಿ ಇಳಿಯಲು ಕನಿಷ್ಠ ಒಂದು ವರ್ಷ ಕಾಯಬೇಕು. ಆದ್ದರಿಂದ ಮುಂಗಡ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ: ಎರಡನೇ ಸಲ ಬೇಕಾದರೆ ನೀವೇ ಮಾಡುತ್ತೀರಾ, ಆಸ್ಪತ್ರೆ ಮತ್ತು ಅರಿವಳಿಕೆಯ ಖರ್ಚು ಯಾರದು?