ಊಟದ ಕೂಟಕ್ಕೆ ಬರುವವರನ್ನು ಪೀಡಿಸದೆ ಕೇಳುವುದು ಹೇಗೆ?

ಪ್ರಶ್ನೆ: ಹಳೆಯ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಭಾನುವಾರದ ಊಟಕ್ಕೆ ಯಾರು ಬರುತ್ತೀರಿ ಎಂದು ಕೇಳಿದರೆ ಅರ್ಧ ಜನ ಉತ್ತರಿಸುವುದೇ ಇಲ್ಲ. ಕಾಟ ಕೊಡುತ್ತಿದ್ದೇನೆ ಅನ್ನಿಸದಂತೆ ಎಷ್ಟು ಸಲ ನೆನಪಿಸಬಹುದು?

ಒಂದೇ ಸಲ, ಅದೂ ಗುಂಪಿನಲ್ಲಲ್ಲ. ಎಷ್ಟು ಸಲ ಎಂಬ ಲೆಕ್ಕವನ್ನು ಬಿಡಿ, ನಿಮ್ಮ ಮೊದಲ ಸಂದೇಶವನ್ನೇ ತಿದ್ದಿ.

ನಮ್ಮ ಹೈಸ್ಕೂಲು ಬ್ಯಾಚಿನ ಕೂಟದಲ್ಲಿ ಊಟದ ಹೊಣೆ ನನ್ನದಾಗಿತ್ತು. ಅಡುಗೆ ಭಟ್ಟರದು ಎಲೆ ಲೆಕ್ಕ: ಹೇಳಿದಷ್ಟು ಎಲೆಗೆ ಹಣ, ಉಣ್ಣುವವರು ಬರಲಿ ಬಿಡಲಿ. ‘ಎಲ್ಲರೂ ಬರುತ್ತೀರಲ್ಲವೇ? ಬೇಗ ತಿಳಿಸಿ’ ಎಂದು ಬರೆದೆ. ಸಾಲುಸಾಲಾಗಿ ಹೆಬ್ಬೆರಳಿನ ಗುರುತು ಬಂತು. ಅದನ್ನೇ ಒಪ್ಪಿಗೆ ಎಂದು ತಿಳಿದು, ಮನೆಯವರನ್ನೂ ಅಂದಾಜಿಗೆ ಸೇರಿಸಿ 60 ಎಲೆ ಹೇಳಿದೆ. ಉಂಡವರು 41. ಆ ಹೆಬ್ಬೆರಳು ಕೆಲವರಿಗೆ ‘ಬರುತ್ತೇನೆ’, ಕೆಲವರಿಗೆ ‘ಓದಿದೆ’, ಇನ್ನು ಕೆಲವರಿಗೆ ‘ಒಳ್ಳೆಯ ಕೆಲಸ, ನಡೆಯಲಿ’. ಒಬ್ಬ ಗೆಳತಿ ಗಂಡ, ಮಕ್ಕಳು, ಅತ್ತೆಯೊಂದಿಗೆ ಐದು ಜನ ಬಂದಳು; ಅವಳದೂ ಒಂದೇ ಹೆಬ್ಬೆರಳು. ‘ಬೇಗ’ ಎಂದರೆ ಶನಿವಾರ ರಾತ್ರಿ ಎಂದುಕೊಂಡವರೂ ಇದ್ದರು. ನಡುವೆ ನಾನು ದಿನವೂ ಗುಂಪಿನಲ್ಲಿ ನೆನಪಿಸಿದೆ. ಆಗಲೇ ಉತ್ತರಿಸಿದ್ದವರಿಗೆ ಅದು ಕಿರಿಕಿರಿಯಾಯಿತು, ಉತ್ತರಿಸದವರಿಗೆ ಅದು ತಮಗೆ ಹೇಳಿದ ಮಾತು ಅನ್ನಿಸಲೇ ಇಲ್ಲ. 19 ಎಲೆಗಳ ಹಣ ನನ್ನ ಕೈಯಿಂದ ಹೋಯಿತು.

ಈಗ ನಾನು ಮೊದಲು ಕೇಳುವುದು ಭಟ್ಟರನ್ನು: ತರಕಾರಿ ತರುವುದು ಯಾವಾಗ? ಶುಕ್ರವಾರ ಬೆಳಿಗ್ಗೆ ಎಂದರೆ ಗುಂಪಿಗೆ ಗಡುವು ಗುರುವಾರ ರಾತ್ರಿ. ಸಂದೇಶ ಹೀಗಿರುತ್ತದೆ:

‘ಭಾನುವಾರದ ಊಟಕ್ಕೆ ನಿಮ್ಮ ಮನೆಯಿಂದ ಎಷ್ಟು ಎಲೆ? ಮಕ್ಕಳನ್ನೂ ಸೇರಿಸಿ ಒಂದೇ ಅಂಕಿ ಕಳುಹಿಸಿ. ಬರಲಾಗದಿದ್ದರೆ 0. ಗುರುವಾರ ರಾತ್ರಿ 8ರೊಳಗೆ ತಿಳಿಸಿ, ಶುಕ್ರವಾರ ಬೆಳಿಗ್ಗೆ ಭಟ್ಟರು ಸಾಮಾನು ತರುತ್ತಾರೆ. ಅಂಕಿ ಬಾರದಿದ್ದರೆ 0 ಎಂದು ಬರೆದುಕೊಳ್ಳುತ್ತೇನೆ.’

ಆ ಸೊನ್ನೆಯನ್ನು ಮಾತ್ರ ಬಿಡಬೇಡಿ. ಹೆಚ್ಚಿನವರು ಸುಮ್ಮನಿರುವುದು ಉದಾಸೀನದಿಂದಲ್ಲ. ಎಲ್ಲರೆದುರು ‘ಬರುವುದಿಲ್ಲ’ ಎಂದರೆ ಕಾರಣವನ್ನೂ ಹೇಳಬೇಕಲ್ಲ ಎಂಬ ಸಂಕೋಚದಿಂದ. ಸೊನ್ನೆಗೆ ಕಾರಣ ಬೇಕಿಲ್ಲ. ‘ಬರುತ್ತೇನೆ / ಬರುವುದಿಲ್ಲ’ ಎಂಬ ಪೋಲ್ ನನಗೆ ಹಿಡಿಸದು. ಅದು ಎಣಿಸುವುದು ಮತ ಹಾಕಿದವರನ್ನು, ಎಲೆಗಳನ್ನಲ್ಲ.

ನೆನಪಿಸುವುದು ಗುರುವಾರ ಬೆಳಿಗ್ಗೆ, ಅಂಕಿ ಬಾರದವರಿಗೆ ಮಾತ್ರ, ಪ್ರತ್ಯೇಕವಾಗಿ: ‘ನಿಮ್ಮ ಅಂಕಿ ಬಂದಿಲ್ಲ, ರಾತ್ರಿ 8ಕ್ಕೆ ಲೆಕ್ಕ ಭಟ್ಟರಿಗೆ ಹೋಗುತ್ತದೆ.’ ಸಂದೇಶ ನೋಡದವರಿಗೆ ಫೋನ್ ಮಾಡಿ. ಎಂಟಾದ ಮೇಲೆ ಪಟ್ಟಿಯನ್ನು ಗುಂಪಿಗೆ ಹಾಕಿ, ತಪ್ಪಿದ್ದರೆ ಅವರೇ ಆ ರಾತ್ರಿಯೇ ಹೇಳುತ್ತಾರೆ.

ಶನಿವಾರ ಯಾರಾದರೂ ‘ನಾವೂ ಬರಬಹುದೇ’ ಎಂದರೆ ನೀವಾಗಿಯೇ ಒಪ್ಪಿಕೊಳ್ಳಬೇಡಿ, ಭಟ್ಟರನ್ನು ಕೇಳಿ. ಅನ್ನ, ಸಾರು ಎರಡು ಮೂರು ಎಲೆಗೆ ಹೊಂದುತ್ತದೆ. ಹೋಳಿಗೆ ಎಣಿಸಿ ಮಾಡುವಂಥದ್ದು, ಅದು ಹೊಂದುವುದಿಲ್ಲ. ಬರುವವರಿಗೆ ಅದನ್ನು ಮೊದಲೇ ಹೇಳಿಬಿಡಿ.